ಡೊಂಕು ಕಾಲಿನ ಮಗು: ನಾನು ಹೇಗೆ ಅಳೆಯುತ್ತೇನೆ

ಮಕ್ಕಳ ಮೂಳೆ ವೈದ್ಯನಾದ ನಾನು ಮೊದಲು ಕೇಳುವುದು ವಯಸ್ಸು. ಎರಡು ವರ್ಷದವರೆಗೆ ಕಾಲು ಹೊರಕ್ಕೆ ಬಾಗಿರುವುದು ಸಹಜ. ಆಮೇಲೆ ನೇರವಾಗಿ, ಮೂರು-ನಾಲ್ಕರಲ್ಲಿ ಒಳಕ್ಕೆ ಬಾಗಿ ಮಂಡಿಗಳು ಒಂದಕ್ಕೊಂದು ತಾಗುತ್ತವೆ, ಏಳರ ಹೊತ್ತಿಗೆ ದೊಡ್ಡವರ ಕಾಲಿನ ಆಕಾರಕ್ಕೆ ಬರುತ್ತವೆ. ಎರಡೂ ಕಾಲು ಒಂದೇ ಥರ ಇದ್ದು, ಎತ್ತರ ಚೆನ್ನಾಗಿದ್ದರೆ ಎಕ್ಸ್‌ರೇ ಬೇಡ, ಬೆಲ್ಟು-ಬೂಟು ಅಂತೂ ಬೇಡವೇ ಬೇಡ.

ಅಳೆಯೋಕೆ ಟೇಪು ಸಾಕು. ಹೊರಕ್ಕೆ ಬಾಗಿದ್ದರೆ ಪಾದದ ಗಂಟುಗಳನ್ನು ತಾಗಿಸಿ ಮಂಡಿಗಳ ನಡುವಿನ ಸಂದು, ಒಳಕ್ಕೆ ಬಾಗಿದ್ದರೆ ಮಂಡಿಗಳನ್ನು ತಾಗಿಸಿ ಗಂಟುಗಳ ನಡುವಿನ ಸಂದು. ಎರಡರಲ್ಲೂ ಮಂಡಿಚಿಪ್ಪು ನೇರ ಮುಂದಕ್ಕಿರಬೇಕು. ಪಾದ ಮುಂದಕ್ಕಿಟ್ಟು ಅಳೆದರೆ, ಕೆಳಗಾಲು ಒಳಕ್ಕೆ ತಿರುಚಿಕೊಂಡಿರುವ ಮಗುವಿನಲ್ಲಿ ಇಲ್ಲದ ಡೊಂಕು ಕಾಣುತ್ತದೆ. ಮೊದಲ ಸಂದು 6 ಸೆಂ.ಮೀ., ಎರಡನೆಯದು 8 ಸೆಂ.ಮೀ. ದಾಟಿದರೆ ಎಚ್ಚರ ಆಗುತ್ತೇನೆ.

ಎರಡೂವರೆ ವರ್ಷದ ಒಬ್ಬ ಹುಡುಗಿ ಬಂದಿದ್ದಳು. ದುಂಡಗಿನ ಮೈ, ಒಂಬತ್ತು ತಿಂಗಳಿಗೇ ನಡೆದವಳು. ಅವಳ ಸಂದು ಅಂಥ ಜಾಸ್ತಿ ಏನಿರಲಿಲ್ಲ, ಆದರೆ ಎಡಗಾಲೇ ಹೆಚ್ಚು ಬಾಗಿತ್ತು, ವರಾಂಡದಲ್ಲಿ ನಡೆಸಿದಾಗ ಆ ಕಾಲ ಮೇಲೆ ಭಾರ ಬಿದ್ದ ಕೂಡಲೇ ಮಂಡಿ ಹೊರಕ್ಕೆ ಜರುಗುತ್ತಿತ್ತು. ನನಗೆ ಟೇಪಿಗಿಂತ ಆ ಜರುಗುವಿಕೆ ಮುಖ್ಯ.

ಅವಳನ್ನು ನಿಲ್ಲಿಸಿಯೇ ಎಕ್ಸ್‌ರೇ ತೆಗೆಸಿದೆ. ಕೆಳಗಾಲಿನ ಮೂಳೆಯ ಮೇಲ್ತುದಿ, ಒಳಭಾಗದಲ್ಲಿ, ಕೊಕ್ಕಿನ ಹಾಗೆ ಚಾಚಿತ್ತು. ಆ ತುದಿಯ ಎರಡು ಬದಿಯ ಮೂಲೆಗಳನ್ನು ಸೇರಿಸಿ ಒಂದು ಗೆರೆ, ಮೂಳೆಯ ಉದ್ದಕ್ಕೆ ಲಂಬವಾಗಿ ಇನ್ನೊಂದು ಗೆರೆ ಎಳೆದು ನಡುವಿನ ಕೋನ ಅಳೆದೆ. ಬಲಕ್ಕೆ 9 ಡಿಗ್ರಿ, ಎಡಕ್ಕೆ 17. ಹನ್ನೊಂದಕ್ಕಿಂತ ಕಮ್ಮಿ ಇದ್ದರೆ ಸಾಮಾನ್ಯವಾಗಿ ತಾನೇ ಸರಿಹೋಗುತ್ತದೆ, ಹದಿನಾರು ದಾಟಿದರೆ ಟಿಬಿಯಾ ವಾರಾ, ಅಂದರೆ ಕೆಳಗಾಲಿನ ಮೂಳೆಯ ಮೇಲ್ತುದಿ ಒಳಭಾಗದಲ್ಲಿ ಸರಿಯಾಗಿ ಬೆಳೆಯದ ಬ್ಲೌಂಟ್ ಕಾಯಿಲೆಯ ಸಂಭವ ಜಾಸ್ತಿ. ನಡುವೆ ಇದ್ದರೆ ಕೆಲವು ತಿಂಗಳು ಬಿಟ್ಟು ಮತ್ತೆ ತೆಗೆದು ನೋಡಬೇಕು, ಏಕೆಂದರೆ ಕಾಲು ಸ್ವಲ್ಪ ತಿರುಗಿದರೂ ಅಂಕಿ ಬದಲಾಗುತ್ತದೆ.

ಮೂಳೆ ಮೆತ್ತಗಾಗಿ ಕಾಲು ಬಾಗುವ ರಿಕೆಟ್ಸ್ ಇದ್ದರೆ ಚಿತ್ರವೇ ಬೇರೆ: ಮೂಳೆಯ ತುದಿಯ ಬೆಳವಣಿಗೆಯ ಪಟ್ಟಿ ಅಗಲವಾಗಿ, ಮೂಳೆಯ ಅಂಚು ಹರಿದ ಬಟ್ಟೆಯ ಹಾಗೆ ಎಳೆ ಎಳೆಯಾಗಿರುತ್ತದೆ, ಮಣಿಕಟ್ಟೂ ದಪ್ಪಗಾಗಿರುತ್ತದೆ. ಇವಳಿಗೆ ಅದೇನೂ ಇರಲಿಲ್ಲ, ರಕ್ತ ಪರೀಕ್ಷೆಯೂ ಸರಿಯಿತ್ತು.

ತೊಡೆಯಿಂದ ಪಾದದವರೆಗಿನ ಬ್ರೇಸ್ ಹಾಕಿಸಿದೆ. ನಡೆಯುವಾಗ ಹಾಕಿಕೊಂಡಿದ್ದರೇ ಅದು ಕೆಲಸ ಮಾಡುವುದು. ಬ್ರೇಸ್‌ನಿಂದ ಸರಿಹೋಗದಿದ್ದರೆ ನಾಲ್ಕು ತುಂಬುವ ಮೊದಲೇ ಮೂಳೆ ಕತ್ತರಿಸಿ ನೇರ ಮಾಡಬೇಕು, ತಡವಾದಷ್ಟೂ ಡೊಂಕು ಮರುಕಳಿಸುತ್ತದೆ ಅಂತ ಮನೆಯವರಿಗೆ ಆಗಲೇ ಹೇಳಿದ್ದೆ. ಮೂರೂವರೆಗೆ ಎಡಗಾಲಿನ ಕೋನ ಹತ್ತರ ಹತ್ತಿರ ಬಂತು, ನಡೆಯುವಾಗ ಮಂಡಿ ಜರುಗುವುದು ನಿಂತಿತ್ತು, ಬ್ರೇಸ್ ತೆಗೆಸಿದೆ.

ಆಗ ಅಜ್ಜಿ, ‘ಈಗ ಬಲಗಾಲು ಒಳಕ್ಕೆ ಬಾಗಿದೆಯಲ್ಲ ಡಾಕ್ಟ್ರೇ’ ಅಂದರು. ಆ ವಯಸ್ಸಿಗೆ ಅದು ಹಾಗೇ ಇರಬೇಕು, ಅಲ್ವಾ? ಅದಕ್ಕೇನೂ ಮಾಡಲಿಲ್ಲ. ಎಡಗಾಲಿಗೆ ಮಾತ್ರ ಆರು ತಿಂಗಳಿಗೊಮ್ಮೆ ಬರಲು ಹೇಳಿದೆ.