ಒಂಬತ್ತು ಆದ್ಮೇಲೆ ಅತ್ತು

ಮಳವಳ್ಳಿ ಹತ್ತಿರ ನಮ್ಮ ದೊಡ್ಡಪ್ಪನ ತೋಟ ಇದೆ. ಕಾಯಿ ಕೆಡವಿದ ದಿನ ಅವರು ಒಂದೊಂದೇ ತೆಂಗಿನಕಾಯಿಯನ್ನು ರಾಶಿಗೆ ಎಸೆಯುತ್ತಾ ಜೋರಾಗಿ ಎಣಿಸುತ್ತಾರೆ. ‘ಎಂಟು, ಒಂಬತ್ತು, ಅತ್ತು, ಅನ್ನೊಂದು, ಅನ್ನೆಲ್ಡು...’ ಚಿಕ್ಕಂದಿನಿಂದ ಕೇಳಿದ ಎಣಿಕೆ ಇದು. ಓದಲು ಮೈಸೂರಿಗೆ ಬಂದ ಮೇಲೆ, ಮಂಡ್ಯದ ಕಡೆಯವರು ‘ಹ’ ನುಂಗುತ್ತಾರೆ ಅಂತ ಗೆಳೆಯರು ಆಡಿಕೊಳ್ಳುತ್ತಿದ್ದರು. ನನಗೆ ಬೇಜಾರಾಗುತ್ತಿತ್ತು. ಭಾಷಾವಿಜ್ಞಾನ ಓದುವಾಗ ಗೊತ್ತಾಯಿತು, ಅವರು ಸರಿ ಅಂತ ಹೇಳುವ ಆ ‘ಹ’ ಕೂಡ ಹಿಂದೆ ಇನ್ನೊಂದು ಅಕ್ಷರ ಸವೆದು ಉಳಿದದ್ದೇ. ಹಳಗನ್ನಡದಲ್ಲಿ ಅದು ‘ಪತ್ತು’. ತಮಿಳಿನಲ್ಲಿ ಇವತ್ತಿಗೂ ಪತ್ತು. ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ಪೋಗು ಹೋಗು ಆಯಿತು. ದೊಡ್ಡಪ್ಪನ ಬಾಯಲ್ಲಿ ಇವೆಲ್ಲ ಆಲು, ಉಲಿ, ಓಗು. ಪ ಹೋಗಿ ಹ, ಹ ಹೋಗಿ ಏನೂ ಇಲ್ಲ.

ಇದಿಷ್ಟು ಪಠ್ಯಪುಸ್ತಕದಲ್ಲೇ ಇದೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಅದೇ ಎಣಿಕೆಯ ಮುಂದಿನ ಭಾಗ. ಹತ್ತು ಅತ್ತಾಯಿತು, ಸರಿ. ಹಾಗಾದರೆ ಅದರ ಹಿಂದಿನ ಒಂಬತ್ತಿನಲ್ಲಿ ‘ಬ’ ಯಾಕೆ ಗಟ್ಟಿಯಾಗಿ ಕೂತಿದೆ? ಇಪ್ಪತ್ತಿನಲ್ಲಿ ‘ಪ್ಪ’ ಯಾಕಿದೆ? ಮೂವತ್ತಿನಲ್ಲಿ ‘ವ’ ಎಲ್ಲಿಂದ ಬಂತು? ಎಲ್ಲದರ ಒಳಗಿರುವುದೂ ಅದೇ ‘ಪತ್ತು’ ಅಲ್ವಾ?

ಒಂದು ಹಾಳೆಯಲ್ಲಿ ಒಂಬತ್ತು, ಆಮೇಲೆ ಹತ್ತು, ಇಪ್ಪತ್ತು ಹೀಗೆ ತೊಂಬತ್ತರ ತನಕ ಬರೆದುಕೊಂಡು, ‘ಪತ್ತು’ವಿನ ಹಿಂದೆ ಏನಿತ್ತು ಅಂತ ಒಂದೊಂದಾಗಿ ನೋಡಿದೆ. ಮೂಗಿನ ಅಕ್ಷರ ಇದ್ದ ಕಡೆ ಪ ಹೋಗಿ ಬ ಬಂದಿದೆ: ಒಂಬತ್ತು, ಎಂಬತ್ತು, ತೊಂಬತ್ತು. ಸ್ವರ ಅಥವಾ ಲಕಾರ ಆದ ಮೇಲೆ ಬಂದ ಕಡೆ ವ: ಮೂವತ್ತು, ನಲವತ್ತು, ಐವತ್ತು, ಅರವತ್ತು. ಹಿಂದಿನ ವ್ಯಂಜನ ಪಕಾರದ ಜೊತೆ ಬೆರೆತು ಒತ್ತಾದ ಕಡೆ ಪ ಹಾಗೇ ಉಳಿದಿದೆ: ಇಪ್ಪತ್ತು, ಎಪ್ಪತ್ತು. ಪದದ ಮೊದಲಲ್ಲಿ ಒಂಟಿಯಾಗಿ ನಿಂತದ್ದು ಹತ್ತು ಒಂದೇ. ಹ ಆಗಿದ್ದೂ ಅದೊಂದೇ.

ಕಾರಣ ನಮ್ಮ ತುಟಿಯಲ್ಲೇ ಇದೆ. ಪ ಅನ್ನುವುದಕ್ಕೆ ಎರಡು ತುಟಿ ಪೂರ್ತಿ ಮುಚ್ಚಬೇಕು. ಸ್ವಲ್ಪ ಸಡಿಲ ಬಿಟ್ಟರೆ ಗಾಳಿ ನುಸುಳುತ್ತದೆ, ದೀಪ ಊದಿದ ಹಾಗೆ. ತುಟಿಯ ಕೆಲಸ ಇನ್ನೂ ಕಮ್ಮಿಯಾದರೆ ಬರೀ ಉಸಿರು ಉಳಿಯುತ್ತದೆ, ಅದೇ ಹ. ಆದರೆ ‘ಒಂಬತ್ತು’ ಅನ್ನಿ. ಮ್ ಅನ್ನುವಾಗಲೇ ತುಟಿ ಮುಚ್ಚಿಯಾಗಿದೆ, ಸಡಿಲ ಬಿಡಲು ಜಾಗವೇ ಇಲ್ಲ. ‘ಇಪ್ಪತ್ತು’ ಅನ್ನುವಾಗ ತುಟಿ ಜಾಸ್ತಿ ಹೊತ್ತು ಮುಚ್ಚಿರುತ್ತದೆ. ಅಲ್ಲೂ ಪ ಬಚಾವಾಯಿತು.

ವ ಆಗಿದ್ದು ಮೊದಲೋ, ಹ ಆಗಿದ್ದು ಮೊದಲೋ? ಇದಕ್ಕೆ ಕಲ್ಲನ್ನೇ ಕೇಳಬೇಕು. ಸುಮಾರು 450ರದ್ದು ಎನ್ನುವ ಹಲ್ಮಿಡಿ ಶಾಸನದಲ್ಲಿ ಎರಡು ಊರಿನ ಹೆಸರು ಬರುತ್ತದೆ, ‘ಪಲ್ಮಡಿ’ ಮತ್ತು ‘ಮೂೞಿವಳ್ಳಿ’. ಪಲ್ಮಡಿಯೇ ಇವತ್ತಿನ ಹಲ್ಮಿಡಿ. ಅಲ್ಲಿ ಮೊದಲ ಪ ಅಲುಗಿಲ್ಲ. ಆದರೆ ಎರಡನೇ ಹೆಸರಲ್ಲಿ, ಸ್ವರ ಆದ ಮೇಲೆ ಬಂದ ‘ಪಳ್ಳಿ’ ಆಗಲೇ ‘ವಳ್ಳಿ’ ಆಗಿದೆ. ಅಂದರೆ ಮೂವತ್ತಿನ ವ ತುಂಬಾ ಹಳೆಯದು. ಪದದ ಮೊದಲ ಪ ಹ ಆಗುವುದು ಶಾಸನಗಳಲ್ಲಿ 10ನೇ ಶತಮಾನದ ಹೊತ್ತಿಗೆ ಶುರುವಾಗಿ, 14ರ ಹೊತ್ತಿಗೆ ಹೆಚ್ಚುಕಮ್ಮಿ ಮುಗಿಯುತ್ತದೆ. ಅಷ್ಟರಲ್ಲಿ ಮೂವತ್ತಿನಲ್ಲಿ ಪ ಇರಲೇ ಇಲ್ಲ, ಹಾಗಾಗಿ ಅಲ್ಲಿ ಹ ಬರಲಿಲ್ಲ. ಮಳವಳ್ಳಿಯ ‘ವಳ್ಳಿ’ಯನ್ನೂ ನಾನು ಹೀಗೇ ಓದುತ್ತೇನೆ.

ಆಮೇಲೆ ನಮ್ಮ ಸೀಮೆಯ ಕಲ್ಲುಗಳನ್ನೇ ನೋಡಬೇಕು ಅನ್ನಿಸಿತು. ಬಿ.ಎಲ್. ರೈಸ್ ಅವರು ಹೊರತಂದ ಶಾಸನಗಳ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾದ 3ನೇ ಸಂಪುಟದಲ್ಲಿ (1894) ಮಂಡ್ಯ, ಮಳವಳ್ಳಿ, ಶ್ರೀರಂಗಪಟ್ಟಣದ ಶಾಸನಗಳಿವೆ. ಎಲ್ಲಾ ಪದ ಹುಡುಕಲು ಹೋಗಲಿಲ್ಲ. ಪತ್ತು/ಹತ್ತು, ಪಳ್ಳಿ/ಹಳ್ಳಿ, ಇವೆರಡನ್ನೇ ಹಿಡಿದು ತೇದಿ ಸಮೇತ ಬರೆದುಕೊಳ್ಳುತ್ತಾ ಹೋದೆ. ದಾನದ ಶಾಸನದಲ್ಲಿ ಹಣದ ಲೆಕ್ಕ, ಊರಿನ ಹೆಸರು ಬಂದೇ ಬರುತ್ತವೆ.

ಮೊದಲ ಸಲ ಪಟ್ಟಿ ಕೆಟ್ಟಿತು. ಹ ಬಂದು ಎಷ್ಟೋ ವರ್ಷ ಆದ ಮೇಲೂ ನಡುನಡುವೆ ಪ ಕಾಣಿಸುತ್ತಿತ್ತು. ಒಂದೇ ಕಲ್ಲಿನಲ್ಲಿ ಎರಡೂ ಇರುತ್ತಿದ್ದವು. ತಿರುಗಿ ಓದಿದಾಗ ಗೊತ್ತಾಯಿತು: ಪ ಜಾಸ್ತಿ ಇದ್ದದ್ದು ಪದ್ಯದ ಭಾಗದಲ್ಲಿ, ರಾಜನನ್ನು ಹೊಗಳುವ ಕಡೆ. ಕವಿ ಹಳೆಯ ರೂಪವನ್ನೇ ಬಳಸುತ್ತಾನೆ. ಗದ್ದೆಯ ಎಲ್ಲೆ ಹೇಳುವ ಗದ್ಯದಲ್ಲಿ ಊರವರ ಮಾತು ನುಸುಳುತ್ತದೆ. ಅದಕ್ಕೇ ಪದ್ಯ, ಗದ್ಯ ಅಂತ ಎರಡು ಕಾಲಂ ಮಾಡಿದೆ. ತೇದಿ ಇಲ್ಲದ ಕಲ್ಲುಗಳನ್ನು ಪೂರ್ತಿ ಬಿಟ್ಟೆ. ತಾಳೆಗರಿಯ ಕಾವ್ಯ, ವಚನಗಳನ್ನೂ ಈ ಲೆಕ್ಕಕ್ಕೆ ತರಲಿಲ್ಲ. ಅವನ್ನು ಮುಂದಿನವರು ನಕಲು ಮಾಡುವಾಗ ತಮ್ಮ ಕಾಲದ ಹ ಹಾಕಿರಬಹುದು. ಕಲ್ಲಿನಲ್ಲಿ ಕೆತ್ತಿದ್ದನ್ನು ಹಾಗೆ ತಿದ್ದುವುದು ಕಷ್ಟ.

ಕೊನೆಯ ಮೆಟ್ಟಿಲು, ಅಂದರೆ ಹತ್ತು ಅತ್ತಾಗುವುದು, ಬರವಣಿಗೆಯಲ್ಲಿ ಅಷ್ಟಾಗಿ ಸಿಗುವುದಿಲ್ಲ. ಅದನ್ನು ಕಿವಿಯಲ್ಲೇ ಹಿಡಿಯಬೇಕು. ರೆಕಾರ್ಡರ್ ಹಿಡಿದು ಊರಿಗೆ ಹೋದೆ. ಅಲ್ಲಿ ಇನ್ನೊಂದು ತಪ್ಪು ಮಾಡಿದೆ. ದೊಡ್ಡಪ್ಪನನ್ನು ಕೂರಿಸಿ, ‘ಒಂದರಿಂದ ಹನ್ನೆರಡರವರೆಗೆ ಹೇಳಿ ದೊಡ್ಡಪ್ಪ’ ಅಂದೆ. ಅವರು ಗಂಟಲು ಸರಿಮಾಡಿಕೊಂಡು ಶುರು ಮಾಡಿದರು: ‘ಐದು, ಹಾರು, ಏಳು, ಹೆಂಟು, ಒಂಬತ್ತು, ಹತ್ತು.’ ನಾನು ಬೆಚ್ಚಿಬಿದ್ದೆ. ಆರಕ್ಕೆ, ಎಂಟಕ್ಕೆ ಯಾವತ್ತೂ ಇಲ್ಲದ ಹ! ಮೈಸೂರಿನಿಂದ ಓದಿದವನು ಬಂದಿದ್ದಾನೆ, ಚೆನ್ನಾಗಿ ಮಾತಾಡೋಣ ಅಂತ ಹ ಸೇರಿಸಿದ್ದರು. ಎಲ್ಲಿ ಸೇರಿಸಬೇಕು ಅನ್ನುವುದಕ್ಕೆ ಅವರ ಕಿವಿಯಲ್ಲಿ ಗುರುತೇ ಇರಲಿಲ್ಲ. ಇಂಥ ಹ ನಿಜವಾದದ್ದೋ ಅಂಟಿಸಿದ್ದೋ ಅಂತ ತಿಳಿಯಲು ಪಕ್ಕದ ಭಾಷೆ ನೋಡಿದರೆ ಸಾಕು. ನಿಜವಾದದ್ದಾದರೆ ಸಾಮಾನ್ಯವಾಗಿ ತಮಿಳಿನಲ್ಲಿ ಪ ಇರುತ್ತದೆ. ಆರು, ಎಟ್ಟು ಅನ್ನುವಲ್ಲಿ ಪ ಇಲ್ಲ.

ಮಾರನೆಯ ದಿನ ರೆಕಾರ್ಡರನ್ನು ಬುಟ್ಟಿಯ ಪಕ್ಕ ಇಟ್ಟು, ಕಾಯಿ ಎಣಿಸಲು ಬಿಟ್ಟೆ. ‘ನಾ ಎಣ್ಸಾದ್ರಲ್ಲಿ ಏನದೆ ಅಂತ ಇಡ್ಕತೀಯ ಮಗ?’ ಅಂದರು. ಆಮೇಲೆ ಕೈ ಓಡಿದ ಹಾಗೆ ಬಾಯಿ ಓಡಿತು. ಅತ್ತು, ಅನ್ನೊಂದು, ಅದಿಮೂರು. ಕಂಪ್ಯೂಟರಿನಲ್ಲಿ ಅಲೆಯ ಚಿತ್ರ ನೋಡಿದೆ. ನನ್ನ ‘ಹತ್ತು’ವಿನಲ್ಲಿ ಸ್ವರಕ್ಕೆ ಮುಂಚೆ ಉಸಿರಿನ ಸಣ್ಣ ಗದ್ದಲ ಕಾಣುತ್ತದೆ. ಅವರದ್ದರಲ್ಲಿ ಸ್ವರ ನೇರವಾಗಿ ಶುರುವಾಗುತ್ತದೆ.

ಅಂದಹಾಗೆ ಆ ‘ಆರು’ ಕೂಡ ಹೀಗೇ ಸವೆದ ಪದ. ಮಧ್ಯಭಾರತದ ದ್ರಾವಿಡ ಭಾಷೆ ಗೊಂಡಿಯಲ್ಲಿ ಆರಕ್ಕೆ ‘ಸಾರುಂಗ್’ ಅಂತಾರೆ. ಮೂಲ ದ್ರಾವಿಡದ ಚಕಾರ ಅಲ್ಲಿ ಸ ಆಗಿ ಉಳಿದಿದೆ, ನಮ್ಮಲ್ಲಿ ಹಲ್ಮಿಡಿಗಿಂತ ಎಷ್ಟೋ ಮುಂಚೆಯೇ ಬಿದ್ದುಹೋಗಿದೆ. ಗೊಂಡಿಯ ಬೇರೆ ಬೇರೆ ಉಪಭಾಷೆಗಳಲ್ಲಿ ಆ ಸ ಒಂದು ಕಡೆ ಹ, ಇನ್ನೊಂದು ಕಡೆ ಪೂರ್ತಿ ಮಾಯ. ಭಾಷಾವಿಜ್ಞಾನಿ ಭದ್ರಿರಾಜು ಕೃಷ್ಣಮೂರ್ತಿ ಅವರು 1998ರಲ್ಲಿ ಇದನ್ನು ಪದ ಪದವಾಗಿ ಬಿಡಿಸಿ ತೋರಿಸಿದ್ದಾರೆ. ಬದಲಾವಣೆ ಎಲ್ಲಾ ಪದಕ್ಕೂ ಒಟ್ಟಿಗೆ ಬರುವುದಿಲ್ಲ, ಒಂದೊಂದೇ ಪದವನ್ನು ಹಿಡಿಯುತ್ತಾ ಹೋಗುತ್ತದೆ. ಅದನ್ನು ಓದಿದ ಮೇಲೆ ನಾನೂ ಊರಿನ ರೆಕಾರ್ಡಿಂಗನ್ನು ಪದ ಪದವಾಗಿ ಗುರುತು ಹಾಕಲು ಶುರುಮಾಡಿದೆ.

ಈಗ ಎಣಿಕೆಯ ಪದಗಳು ಮುಗಿದು ಪ್ರಾಣಿಗಳ ಹೆಸರಿಗೆ ಬಂದಿದ್ದೇನೆ. ಹೋದ ವಾರ ಕೇಳಿದ ಪದ ‘ಎಬ್ಬುಲಿ’. ದೊಡ್ಡದು ಅನ್ನುವ ಅರ್ಥದ ಪೆರ್ ಮತ್ತು ಪುಲಿ ಸೇರಿ ಆದದ್ದು. ಮೊದಲ ಪ ಹೆಬ್ಬುಲಿಯಲ್ಲಿ ಹ ಆಗಿ, ದೊಡ್ಡಪ್ಪನ ಬಾಯಲ್ಲಿ ಅದೂ ಹೋಗಿದೆ. ಎರಡನೆಯದು ಮಾತ್ರ ಒತ್ತಿನ ಆಸರೆಯಲ್ಲಿ ಬ್ಬ ಆಗಿ ಇನ್ನೂ ತುಟಿ ಮುಚ್ಚಿಸುತ್ತಿದೆ.