ಚಾರ್ಟಿನಲ್ಲಿ ಇಬ್ಬರಿಗೂ ‘ನೆಫ್ಯೂ’ ಅಂತ ಬರೆದಿತ್ತು, ಒಬ್ಬರು ನನಗೆ ದೊಡ್ಡಪ್ಪ ಇನ್ನೊಬ್ಬರು ಮಾವ

ನಮ್ಮದು ಬ್ರಹ್ಮಾವರ ಕಡೆಯ ಮನೆ, ಅಳಿಯಕಟ್ಟಿನವರು, ಅಂದ್ರೆ ಕುಟುಂಬದ ಲೆಕ್ಕ ಹಿಡಿಯುದು ತಾಯಿಯ ಕಡೆಯಿಂದ, ಈಗ ಇರೋದು ಉಡುಪಿಯಲ್ಲಿ. ತರವಾಡು ಮನೆಯ ಚಾವಡಿಯಲ್ಲಿ ಒಂದು ವಂಶವೃಕ್ಷದ ಚಾರ್ಟ್ ಗ್ಲಾಸ್ ಹಾಕಿ ಫ್ರೇಮ್ ಮಾಡಿ ನೇತುಹಾಕಿದ್ದಾರೆ, ಮುಂಬೈಯಲ್ಲಿದ್ದ ಹಿರಿಯರೊಬ್ಬರು ತುಂಬಾ ವರ್ಷದ ಹಿಂದೆ ಬರೆಸಿದ್ದು, ಪೂರಾ ಇಂಗ್ಲಿಷ್. ಪ್ರತಿ ಹೆಸರಿನ ಕೆಳಗೆ ಅಂಕಲ್, ಆಂಟಿ, ನೆಫ್ಯೂ, ಕಸಿನ್ ಅಂತ ಸಣ್ಣದಾಗಿ ಉಂಟು. ಮನೆಯ ಮಕ್ಕಳಿಗೆ ಯಾರು ಏನಾಗಬೇಕು ಅಂತ ಗೊತ್ತಾಗ್ಲಿ ಅಂತ ಅದನ್ನ ಕನ್ನಡದಲ್ಲಿ ಮಾಡ್ಲಿಕ್ಕೆ ಹೊರಟೆ. ಹೇಗೆ ಮಾಡಿದೆ, ಎಲ್ಲಿ ಸಿಕ್ಕಿಹಾಕಿಕೊಂಡಿತು ಅಂತ ಬರೀತೇನೆ, ನಿಮ್ಮ ಮನೆಯಲ್ಲೂ ಇಂಥದ್ದೊಂದು ಚಾರ್ಟ್ ಇದ್ರೆ ಉಪಯೋಗ ಆದೀತು.

ಮೊದಲು ಫೋಟೋ ವಿಷಯ. ನನ್ನ ಕೈಗೆ ಬಂದದ್ದು ವಾಟ್ಸಾಪಿನಲ್ಲಿ ಬಂದ ಫೋಟೋ, ಝೂಮ್ ಮಾಡಿದ್ರೆ ಅಕ್ಷರ ಎಲ್ಲ ಕಲಸಿದ ಹಾಗೆ. ವಾಟ್ಸಾಪ್ ಫೋಟೋವನ್ನ ಕುಗ್ಗಿಸಿಯೇ ಕಳಿಸುದು, ಹಾಗಾಗಿ ಡಾಕ್ಯುಮೆಂಟ್ ಆಗಿ ಇನ್ನೊಮ್ಮೆ ಕಳಿಸಿ ಅಂದೆ, ಅಕ್ಷರ ಓದ್ಲಿಕ್ಕೆ ಬಂತು. ಆದ್ರೆ ಗ್ಲಾಸಿನ ಮೇಲೆ ಟ್ಯೂಬ್‌ಲೈಟಿನ ಬೆಳಕು ಬಿದ್ದು ನಡುವಿನಲ್ಲಿ ಒಂದು ಬಿಳಿ ಪಟ್ಟಿ, ಅದರ ಅಡಿಯಲ್ಲಿ ಗೆರೆಗಳು ಕಾಣುದಿಲ್ಲ. ಇಂಥಾ ಚಾರ್ಟಿನಲ್ಲಿ ಹೆಸರು ಹೋದ್ರೆ ಯಾರನ್ನಾದ್ರೂ ಕೇಳಿ ತುಂಬಿಸಬಹುದು, ಗೆರೆ ಹೋದ್ರೆ ಹೋಗಿದೆ ಅಂತಲೇ ಗೊತ್ತಾಗುದಿಲ್ಲ, ಕಣ್ಣು ಅದಾಗಿಯೇ ಹತ್ತಿರದ ಗೆರೆಗೆ ಜೋಡಿಸಿಬಿಡ್ತದೆ. ಇದು ಮುಂದೆ ಬರ್ತದೆ.

ಎರಡನೇ ಕೆಲಸ, ಪ್ರಿಂಟ್ ತೆಗೆದು ಪ್ರತಿ ಚೌಕಕ್ಕೆ ಪೆನ್ಸಿಲಿನಲ್ಲಿ ನಂಬರ್ ಹಾಕಿದೆ. ಆಮೇಲೆ ಎಕ್ಸೆಲ್ ಶೀಟಿನಲ್ಲಿ ಒಬ್ಬರಿಗೆ ಒಂದು ಸಾಲು: ನಂಬರ್, ಹೆಸರು, ಗಂಡೋ ಹೆಣ್ಣೋ, ತಾಯಿಯ ನಂಬರ್, ತಂದೆಯ ನಂಬರ್, ಗಂಡ ಅಥವಾ ಹೆಂಡತಿಯ ನಂಬರ್, ಒಡಹುಟ್ಟಿದವರಲ್ಲಿ ಎಷ್ಟನೆಯವರು. ಸಂಬಂಧದ ಹೆಸರಿಗೆ ಕಾಲಮ್ಮೇ ಇಡ್ಲಿಲ್ಲ. ಯಾಕಂದ್ರೆ ಚಾರ್ಟಿನಲ್ಲಿದ್ದ ಅಂಕಲ್, ಕಸಿನ್ ಎಲ್ಲ ಬರೆಸಿದವರಿಗೋ ಹಳೇ ಯಜಮಾನರಿಗೋ ಏನಾಗಬೇಕೋ ಅದು, ನನಗಲ್ಲ. ಅಲ್ಲದೆ ಅಂಕಲ್ ಅನ್ನುವ ಮಾತಿನಿಂದ ಹಿಂದಕ್ಕೆ ಹೋಗಿ ದೊಡ್ಡಪ್ಪನೋ ಚಿಕ್ಕಪ್ಪನೋ ಸೋದರಮಾವನೋ ಅಂತ ತಿಳಿಯುವ ದಾರಿಯೇ ಇಲ್ಲ. ದಾರಿ ಇರೋದು ಗೆರೆಯಲ್ಲಿ ಮಾತ್ರ. ತಂದೆ ಕಡೆಯಾ ತಾಯಿ ಕಡೆಯಾ, ನಡುವಿನವರು ಗಂಡಾ ಹೆಣ್ಣಾ, ಪ್ರಾಯದಲ್ಲಿ ದೊಡ್ಡವರಾ ಸಣ್ಣವರಾ, ಈ ಮೂರು ಗೊತ್ತಾದ್ರೆ ನಮ್ಮ ಮಾತು ತನ್ನಷ್ಟಕ್ಕೆ ಬರ್ತದೆ.

ಎಷ್ಟನೆಯವರು ಅನ್ನುವ ಕಾಲಮ್ ಮಾತ್ರ ಚಾರ್ಟ್ ನೋಡಿ ತುಂಬಿಸಬೇಡಿ. ಎಡದಿಂದ ಬಲಕ್ಕೆ ದೊಡ್ಡವರಿಂದ ಸಣ್ಣವರು ಅಂತ ನಾವು ತಿಳ್ಕೊಳ್ತೇವೆ, ನಮ್ಮ ಚಾರ್ಟಿನಲ್ಲಿ ಮೊದಲು ಗಂಡುಮಕ್ಕಳೆಲ್ಲ, ಆಮೇಲೆ ಹೆಣ್ಣುಮಕ್ಕಳು. ಅಕ್ಕ ತಮ್ಮನ ಬಲಗಡೆ ಕೂತಿದ್ದಾಳೆ. ಇದನ್ನ ಅಮ್ಮನ ಹತ್ರ ಕೂತು ಒಂದೊಂದಾಗಿ ಕೇಳಿಯೇ ತುಂಬಿಸಿದ್ದು.

ಈಗ ಆ ಇಬ್ಬರು ನೆಫ್ಯೂ. ಹೆಸರು ಬೇಡ, ನಂಬರಲ್ಲೇ ಹೇಳ್ತೇನೆ. 7 ನಮ್ಮ ಕುಟುಂಬದ ಹಳೇ ಯಜಮಾನರು. ಅವರಿಗೆ ಒಬ್ಬ ತಮ್ಮ 8, ಇಬ್ಬರು ತಂಗಿಯರು 9 ಮತ್ತು 10. 9 ನನ್ನ ಅಜ್ಜಿ, ಅಮ್ಮನ ಅಮ್ಮ, ಅವರಿಗೆ ಹೆಣ್ಣುಮಕ್ಕಳೇ. 21 ಮತ್ತು 24 ಇಬ್ಬರಿಗೂ 7ರ ನೆಫ್ಯೂ ಅಂತ ಚಾರ್ಟಿನಲ್ಲಿ ಬರೆದಿತ್ತು, ಫೋಟೋದಲ್ಲಿ ಇಬ್ಬರೂ 8ರ ಕೆಳಗೆ ಅಕ್ಕಪಕ್ಕ ಇದ್ದ ಹಾಗೆ ಕಾಣ್ತಿತ್ತು, ಅಂದ್ರೆ ಇಬ್ಬರೂ ತಮ್ಮನ ಮಕ್ಕಳು. ತಮ್ಮನ ಮಗನಿಗೂ ನೆಫ್ಯೂ ಅನ್ನಬಹುದು, ಆದ್ದರಿಂದ ಲೇಬಲ್ ನೋಡಿದ್ರೆ ಯಾವ ಸಂಶಯವೂ ಬರುದಿಲ್ಲ.

ಕನ್ನಡದ ಮಾತು ಹಾಕ್ಲಿಕ್ಕೆ ಹೋದಾಗ ನಿಂತಿತು. 24ರ ಹೆಂಡತಿ 19, ಅವರು 7ರ ಮಗಳು. ಜೋಡಿಗೆರೆ ಸ್ಪಷ್ಟ ಉಂಟು. 24 ನಿಜವಾಗಿ 8ರ ಮಗ ಆದ್ರೆ 19ಕ್ಕೆ ಅವರು ಚಿಕ್ಕಪ್ಪನ ಮಗ, ಅಂದ್ರೆ ಅಣ್ಣನೋ ತಮ್ಮನೋ ಆಗ್ತಾರೆ, ಮದುವೆ ಆಗ್ಲಿಕ್ಕೇ ಇಲ್ಲ. ಬಳಿ ಅಂದ್ರೆ ಗೋತ್ರದ ಹಾಗೆ, ಅದು ಬೇರೆ ಇರಬಹುದಲ್ಲ ಅಂತ ನೀವು ಕೇಳಬಹುದು, ಹೌದು, ನಮ್ಮಲ್ಲಿ ಬಳಿ ತಾಯಿಯಿಂದ ಬರುದು, ಅಣ್ಣತಮ್ಮಂದಿರ ಮಕ್ಕಳಿಗೆ ಅವರವರ ಅಮ್ಮನ ಬಳಿ, ಆದ್ರೂ ಅಣ್ಣ ತಂಗಿ ಅಣ್ಣ ತಂಗಿಯೇ. ಇಂಗ್ಲಿಷಿನಲ್ಲಿ ಕಸಿನ್ ಕಸಿನ್ ಮದುವೆ ಅಂತ ಓದಿಕೊಂಡು ಮುಂದೆ ಹೋಗ್ಬಹುದಿತ್ತು, ಕನ್ನಡದಲ್ಲಿ ಆ ಸಾಲು ಓದ್ಲಿಕ್ಕೇ ಆಗುದಿಲ್ಲ.

24ನ್ನ ತೋರಿಸಿ ಅಮ್ಮನಿಗೆ ಕೇಳಿದೆ, "ಅಮ್ಮ, ಇವರು ನಿಮಗೆ ಏನಾಗ್ಬೇಕು?" "ಎಂತ ಕೇಳ್ತಿ ನೀನು, ಅವ ನನ್ನ ಅಣ್ಣ ಅಲ್ವಾ, ಚಿಕ್ಕಮ್ಮನ ಮಗ" ಅಂದ್ರು. 21? "ಅವರು ಭಾವ. ನಮ್ಮ ಸಣ್ಣ ಮಾವನ ಮಗ." ಅಲ್ಲಿಗೆ ಗೊತ್ತಾಯ್ತು. 24 ಇರಬೇಕಾದ್ದು 10ರ ಕೆಳಗೆ, 7ರ ತಂಗಿಯ ಮಗ. ಮುಂದಿನ ಸಲ ಮನೆಗೆ ಹೋದಾಗ ಫ್ರೇಮ್ ಇಳಿಸಿ, ಹಿಂದಿನ ಮೊಳೆ ಬಿಚ್ಚಿ ಗ್ಲಾಸ್ ತೆಗೆದು, ಜಗಲಿಯ ಬೆಳಕಿನಲ್ಲಿ ಫ್ಲ್ಯಾಶ್ ಇಲ್ಲದೆ ನಾಲ್ಕು ಭಾಗವಾಗಿ, ಒಂದರ ಅಂಚು ಇನ್ನೊಂದಕ್ಕೆ ಸ್ವಲ್ಪ ಬರುವ ಹಾಗೆ ಫೋಟೋ ತೆಗೆದೆ. 10ರಿಂದ ಇಳಿದ ಗೆರೆ 8ರ ಗೆರೆಯನ್ನ ದಾಟಿ ಎಡಕ್ಕೆ ಬಂದಿತ್ತು, ದಾಟುವ ಜಾಗವೇ ಆ ಬಿಳಿ ಪಟ್ಟಿಯ ಅಡಿಯಲ್ಲಿ.

ಈ ಒಂದು ಗೆರೆಯಿಂದ ಎಂತೆಲ್ಲ ಬದಲಾಗ್ತದೆ ನೋಡಿ. 7ಕ್ಕೆ 21 ತಮ್ಮನ ಮಗ, ಅಂದ್ರೆ ಮಗನೇ, ಆತ ಇವರನ್ನ ದೊಡ್ಡಪ್ಪ ಅಂತ ಕರೀತಾನೆ. 24 ತಂಗಿಯ ಮಗ, ಅಳಿಯ, ಆತ ಇವರನ್ನ ಮಾವ ಅಂತಾನೆ, ಮಗಳನ್ನ ಮದುವೆಯಾದ ಮೇಲೆ ಇನ್ನೊಂದು ಲೆಕ್ಕದಲ್ಲೂ ಅಳಿಯ. ಅಳಿಯಸಂತಾನದ ಮನೆಯಲ್ಲಿ ಇದು ಬರೀ ಕರೆಯುವ ಮಾತಲ್ಲ. 21 ಅವರ ಅಮ್ಮನ ಕುಟುಂಬಕ್ಕೆ ಸೇರಿದವರು, ಹಳೇ ಅಳಿಯಕಟ್ಟಿನ ಲೆಕ್ಕದಲ್ಲಿ ನಮ್ಮ ಮನೆಯಲ್ಲಿ ಅವರಿಗೆ ಪಾಲಿರಲಿಲ್ಲ. 24 ನಮ್ಮ ಕುಟುಂಬದವರೇ, 7 ಮತ್ತು 8 ತೀರಿಕೊಂಡ ಮೇಲೆ ಯಜಮಾನಿಕೆ ಬಂದದ್ದು ಅವರಿಗೆ. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆಯಲ್ಲಿ ಕವರು ಅನ್ನುವ ಶಬ್ದ ಬರ್ತದೆ, ಒಬ್ಬ ಹೆಂಗಸು, ಆಕೆಯ ಮಕ್ಕಳು, ಮತ್ತೆ ಹೆಣ್ಣುಮಕ್ಕಳ ದಾರಿಯಲ್ಲಿ ಬಂದ ಸಂತತಿ ಎಲ್ಲ ಸೇರಿ ಒಂದು ಕವರು. ಗಂಡಸಿನ ಕವರು ಅಂದ್ರೆ ಅವನ ತಾಯಿಯದ್ದು. ಹಳೇ ಪಾಲುಪಟ್ಟಿ ಓದುವಾಗ ಈ ಶಬ್ದವೇ ಕಾಣ್ತದೆ. ಮುಂಬೈಯ ಹಿರಿಯರು ಚಾರ್ಟನ್ನ ತಂದೆ ಮೇಲೆ, ಮಕ್ಕಳು ಕೆಳಗೆ ಅನ್ನುವ ಅಚ್ಚಿನಲ್ಲಿ ಬರೆಸಿದ್ರು, ಹಾಗಾಗಿ ಕವರು ಎಲ್ಲಿ ಮುಗೀತದೆ ಅಂತ ಕಾಣುದೇ ಇಲ್ಲ. ನಾನು ಶೀಟಿನಲ್ಲಿ ತಾಯಿಯ ನಂಬರನ್ನೇ ಹಿಡ್ಕೊಂಡು 9ರ ಕವರಿಗೆ ಒಂದು ಬಣ್ಣ, 10ರ ಕವರಿಗೆ ಒಂದು ಬಣ್ಣ ಹಾಕಿದೆ, ಗಂಡುಮಕ್ಕಳ ಮಕ್ಕಳಿಗೆ ಬಣ್ಣ ಇಲ್ಲ. ಬಣ್ಣ ಇಲ್ಲ ಅಂದ್ರೆ ದೂರದವರು ಅಂತಲ್ಲ, ಬೇರೆ ಕುಟುಂಬದವರು ಅಂತ ಅಷ್ಟೇ.

ಇನ್ನು ನನಗೆ ಇವರು ಏನಾಗಬೇಕು? ಇಲ್ಲಿ ನಾನು ಹಿಡಿದ ನಿಯಮ ಒಂದೇ, ಅಮ್ಮ ಏನಂತ ಕರೀತಾರೆ ಅಂತ ಮೊದಲು ತಿಳ್ಕೊಳ್ಳುದು, ಅಲ್ಲಿಂದ ಒಂದು ಮೆಟ್ಟಿಲು ಇಳಿಯುದು. ಅಮ್ಮ 24ನ್ನ ಅಣ್ಣ ಅಂತಾರೆ, ಅಮ್ಮನ ಅಣ್ಣ ನನಗೆ ಮಾವ. ಅಮ್ಮ 21ನ್ನ ಭಾವ ಅಂತಾರೆ, ಅಮ್ಮನಿಗೆ ಭಾವ ಅಂದ್ರೆ ಗಂಡನ ಅಣ್ಣನ ಸ್ಥಾನ, ಹಾಗಾಗಿ ನನಗೆ ದೊಡ್ಡಪ್ಪ. ತಾಯಿ ಕಡೆಯವರು ದೊಡ್ಡಪ್ಪ ಹೇಗೆ ಆಗ್ತಾರೆ ಅಂತ ನನ್ನ ಚಿಕ್ಕಮ್ಮನ ಮಗಳು ವಾದ ಮಾಡಿದ್ಲು, ಆದ್ರೆ ಹಿರಿಯರೆಲ್ಲ ಹಾಗೇ ಕರೀತಾ ಬಂದದ್ದು, ಲೆಕ್ಕವೂ ಕೂಡ್ತದೆ. 21ರ ಮಕ್ಕಳು ನನಗೆ ಅಣ್ಣ, ಅಕ್ಕ, ತಮ್ಮ, ತಂಗಿ. 24ರ ಮಕ್ಕಳು ಮಾವನ ಮಕ್ಕಳು, ನಾನು ಹೆಣ್ಣಾದ್ದರಿಂದ ನನಗಿಂತ ದೊಡ್ಡ ಗಂಡು ಭಾವ, ಸಣ್ಣವ ಮೈದುನ, ದೊಡ್ಡ ಹೆಣ್ಣು ಅತ್ತಿಗೆ, ಸಣ್ಣವಳು ನಾದಿನಿ. ಇಂಗ್ಲಿಷಿನಲ್ಲಿ ಇವರೆಲ್ಲರಿಗೂ ಒಂದೇ ಕಸಿನ್.

ಒಬ್ಬರಿಗೆ ಎರಡು ದಾರಿ ಇದ್ರೆ ಎರಡೂ ದಾರಿಯಲ್ಲಿ ನಡೆದು ನೋಡಿ, ಇದು ನನಗೆ ಸಿಕ್ಕಿದ ಅತ್ಯಂತ ಗಟ್ಟಿ ಪರೀಕ್ಷೆ. 19ನ್ನೇ ತಗೊಳ್ಳಿ. 24ರ ಹೆಂಡತಿ ಅಂತ ಹೋದ್ರೆ ಮಾವನ ಹೆಂಡತಿ, ಅತ್ತೆ. 7ರ ಮಗಳು ಅಂತ ಹೋದ್ರೆ ಅಮ್ಮನಿಗೆ ಸೋದರಮಾವನ ಮಗಳು, ಅಮ್ಮ ಅವರನ್ನ ಅತ್ತಿಗೆ ಅಂತಾರೆ, ಅಮ್ಮನ ಅತ್ತಿಗೆ ನನಗೆ ಅತ್ತೆ. ಎರಡೂ ಕೂಡಿತು. ಮಾವನ ಮಗಳನ್ನ ತಂದ ಮದುವೆ ಆದ್ರೆ ಹೀಗೆ ಕೂಡಲೇಬೇಕು. ಅದೇ 24ನ್ನ 8ರ ಮಗ ಅಂತ ಇಟ್ಟು ನಡೆದ್ರೆ ಅವರು ಅಮ್ಮನಿಗೆ ಭಾವ, ನನಗೆ ದೊಡ್ಡಪ್ಪ, 19 ಒಂದು ದಾರಿಯಲ್ಲಿ ದೊಡ್ಡಮ್ಮ ಇನ್ನೊಂದು ದಾರಿಯಲ್ಲಿ ಅತ್ತೆ ಆಗ್ತಾರೆ. ಹೀಗೆ ಒಡೆದಲ್ಲಿ ಗೆರೆ ನೋಡಿ. ಗೆರೆ ಸರಿ ಇದ್ದೂ ಒಡೆಯುವ ಮನೆಗಳೂ ಉಂಟು, ಅಕ್ಕನ ಮಗಳನ್ನ ಮದುವೆಯಾಗುವ ಪದ್ಧತಿ ಇರುವಲ್ಲಿ ತಲೆಮಾರು ಒಂದು ಮೇಲೆ ಕೆಳಗೆ ಆಗಿ ಒಬ್ಬರೇ ಎರಡು ಹೆಸರಿಗೆ ಬೀಳ್ತಾರೆ. ಅಕ್ಕನ ಮಗಳು ಅದೇ ಬಳಿಯವಳು, ಅದಕ್ಕೆ ನಮ್ಮಲ್ಲಿ ಆ ಮದುವೆ ಇಲ್ಲ, ನನ್ನ ಶೀಟಿನಲ್ಲಿ ಈ ತೊಂದರೆ ಬರ್ಲಿಲ್ಲ. ಬಯಲುಸೀಮೆಯ ಮನೆಗಳ ಚಾರ್ಟ್ ಮಾಡುವವರು ಇದನ್ನ ಮೊದಲೇ ಗಮನದಲ್ಲಿಟ್ಟುಕೊಳ್ಳಬೇಕು.

ಕೊನೆಗೆ ಪ್ರಿಂಟ್ ಮಾಡುವಾಗ ಚೌಕದಲ್ಲಿ ಸಂಬಂಧದ ಹೆಸರು ಹಾಕ್ಲಿಲ್ಲ. ಹೆಸರು, ನಂಬರ್, ಕವರಿನ ಬಣ್ಣ, ಗೆರೆ ಇಷ್ಟೇ. ಗೆರೆ ಗೆರೆಯನ್ನ ದಾಟುವಲ್ಲೆಲ್ಲ ಒಂದು ಸಣ್ಣ ಕಮಾನು ಹಾಕಿಸಿದೆ, ಫೋಟೋ ತೆಗೆದ್ರೂ ತಪ್ಪಬಾರದು ಅಂತ. ಸಂಬಂಧದ ಪಟ್ಟಿ ಬೇರೆ ಹಾಳೆ, ನನ್ನ ತಲೆಮಾರಿನವರಿಗೆ ಒಂದು, ಮಕ್ಕಳ ತಲೆಮಾರಿಗೆ ಒಂದು, 9ರ ಕಡೆಯವರಿಗೂ 10ರ ಕಡೆಯವರಿಗೂ ಬೇರೆಬೇರೆ, ಯಾಕಂದ್ರೆ ನನಗೆ ಮಾವ ಆದವರು 10ರ ಮೊಮ್ಮಕ್ಕಳಲ್ಲಿ ಕೆಲವರಿಗೆ ಅಪ್ಪ. ಯಾರು ದೊಡ್ಡವರು ಅಂತ ಅಮ್ಮನಿಗೂ ನೆನಪಿಲ್ಲದ ಕಡೆ ದೊಡ್ಡಪ್ಪ/ಚಿಕ್ಕಪ್ಪ ಅಂತ ಎರಡೂ ಬರೆದು ಪಕ್ಕದಲ್ಲಿ ಪೆನ್ಸಿಲ್ ಗುರುತು ಇಟ್ಟಿದ್ದೇನೆ, 21ರ ತಮ್ಮನದ್ದು ಇನ್ನೂ ಹಾಗೇ ಉಂಟು.