ಮುಕ್ಕಾಲು ಗಂಟೆಗೆ ಇಳಿದಿದ್ದ ಬ್ಯಾಟರಿ ಮತ್ತೆ ನಾಲ್ಕು ಗಂಟೆಗೆ ಬಂದದ್ದು: ನನ್ನ ಅನುಭವ

ನಮ್ಮ ಮನೆಯ ಇನ್ವರ್ಟರಿನದು ನಾಲ್ಕು ವರ್ಷ ಹಳೆಯ 150 ಎಎಚ್ ಟ್ಯೂಬ್ಯುಲರ್ ಬ್ಯಾಟರಿ. ಎರಡು ಫ್ಯಾನು, ನಾಲ್ಕೈದು ಎಲ್‌ಇಡಿ ಬಲ್ಬು, ವೈಫೈ, ಎಲ್ಲ ಸೇರಿ ಸುಮಾರು 200 ವಾಟ್ ಲೋಡು. ಹೊಸದರಲ್ಲಿ ಐದು ಗಂಟೆಗೂ ಮೇಲೆ ಬರುತ್ತಿತ್ತು. ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಮುಕ್ಕಾಲು ಗಂಟೆಗೆ ಕೂಗಿ ನಿಲ್ಲುತ್ತಿತ್ತು. ಉಡುಪಿಯ ಅಂಗಡಿಯವರು ಮೀಟರ್ ಇಟ್ಟು ನೋಡಿ, "ಇದು ಹೋದ ಬ್ಯಾಟರಿ ಮಾರಾಯ್ರೆ, ಎಕ್ಸ್‌ಚೇಂಜಿಗೆ ಕೊಟ್ಟುಬಿಡಿ" ಅಂದರು. ಹೊಸದಕ್ಕೆ ಹದಿನೈದು ಸಾವಿರ ಚಿಲ್ಲರೆ, ಹಳೆಯದಕ್ಕೆ ಮೂರು ಸಾವಿರದ ಹತ್ತಿರ ಕಡಿಮೆ ಮಾಡುತ್ತೇನೆ ಎಂದರು. ಭಾವನೂ ಅದನ್ನೇ ಹೇಳಿದ: "ಅದರಲ್ಲಿ ಇನ್ನು ಎಂತದೂ ಇಲ್ಲ, ಸುಮ್ಮನೆ ಆಸಿಡಿನಲ್ಲಿ ಕೈ ಹಾಕಬೇಡ." ನಾನು ಕೊಡಲಿಲ್ಲ. ಈಗ ಅದೇ ಬ್ಯಾಟರಿ, ಅದೇ ಲೋಡಿಗೆ, ನಾಲ್ಕು ಗಂಟೆ ದಾಟುತ್ತಿದೆ. ಹಾಗಾಗಿ ಬರೆಯುತ್ತಿದ್ದೇನೆ.

ಇನ್ವರ್ಟರಿನ ಹಸಿರು ದೀಪವನ್ನು ನಂಬಿ ಕೂತರೆ ಏನೂ ಗೊತ್ತಾಗುವುದಿಲ್ಲ. ಪೂರ್ತಿ ತುಂಬದೆ ಉಳಿದು ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕಟ್ಟಿದ ಬ್ಯಾಟರಿಗೆ ಚಾರ್ಜ್ ಕೊಟ್ಟ ಸ್ವಲ್ಪ ಹೊತ್ತಿಗೇ ವೋಲ್ಟೇಜ್ ಮೇಲೆ ಹಾರುತ್ತದೆ, ಚಾರ್ಜರ್ ತುಂಬಿತು ಎಂದು ತಿಳಿದು ಆಂಪ್ ಇಳಿಸುತ್ತದೆ. ನನ್ನದರಲ್ಲಿ ಕ್ಲ್ಯಾಂಪ್ ಮೀಟರ್ ಹಾಕಿ ನೋಡಿದಾಗ ಅರ್ಧ ಗಂಟೆಯೊಳಗೆ 15 ಆಂಪ್‌ನಿಂದ ಎರಡು ಆಂಪ್‌ಗೆ ಬಿದ್ದಿತ್ತು. ಪ್ಯಾನೆಲ್‌ನಲ್ಲಿ ಮಾತ್ರ ಫುಲ್. ಆ ಫುಲ್ ಆಗಿರುವಾಗಲೇ ಆಸಿಡ್ ಎಷ್ಟು ಗಟ್ಟಿ ಇದೆ, ಅಂದರೆ ಅದರ ಗ್ರಾವಿಟಿ ಎಷ್ಟು ಎಂದು ತೋರಿಸುವ ಹೈಡ್ರೋಮೀಟರ್ ಇಳಿಸಿದೆ. ಐದು ಸೆಲ್ 1180ರಿಂದ 1190ರ ಒಳಗೆ ಇದ್ದವು, ಪಾಸಿಟಿವ್ ಕಡೆಯಿಂದ ನಾಲ್ಕನೆಯದು 1120ರ ಆಸುಪಾಸು. ಟ್ಯೂಬ್ಯುಲರ್ ತುಂಬಿದಾಗ 27 ಡಿಗ್ರಿಗೆ 1240ರ ಹತ್ತಿರ ಬರಬೇಕು. ಕಾರಿನ ಬ್ಯಾಟರಿಯ 1280 ನೋಡಿ ಹೋಲಿಸಬೇಡಿ. ನಮ್ಮ ಕಡೆ ಮಧ್ಯಾಹ್ನದ ಸೆಕೆಗೆ ಆಸಿಡ್ ಬಿಸಿಯಾಗಿರುತ್ತದೆ, 10 ಡಿಗ್ರಿ ಹೆಚ್ಚಿಗೆ ಸುಮಾರು 7 ಪಾಯಿಂಟ್ ಕೂಡಿಸಿ ಓದಬೇಕು. ನಾನು ಬೆಳಿಗ್ಗೆಯೇ ಓದುವುದು, ಆಗ ಈ ಲೆಕ್ಕದ ಗೋಜಿಲ್ಲ.

ಮುಕ್ಕಾಲು ಗಂಟೆಗೆ ನಿಲ್ಲುತ್ತಿದ್ದದ್ದು ಆ ನಾಲ್ಕನೆಯ ಸೆಲ್‌ನಿಂದ. ಇನ್ವರ್ಟರ್ 10.5 ವೋಲ್ಟಿನ ಹತ್ತಿರ ಬಂದಾಗ ಕಟ್ ಮಾಡುತ್ತದೆ. ಐದು ಸೆಲ್ ಇನ್ನೂ ಎರಡೆರಡು ವೋಲ್ಟ್ ಇಟ್ಟುಕೊಂಡಿರುವಾಗಲೇ ಒಂದು ಸೆಲ್ ಅರ್ಧ ವೋಲ್ಟಿಗೆ ಕುಸಿದರೆ ಒಟ್ಟು 10.5. ಐದರಲ್ಲಿ ಉಳಿದ ಕರೆಂಟು ನಮಗೆ ಸಿಗುವುದೇ ಇಲ್ಲ. ಅಂಗಡಿಯವರು ಎರಡು ಟರ್ಮಿನಲ್‌ಗೆ ಮೀಟರ್ ಇಟ್ಟು ಬ್ಯಾಟರಿ ಹೋಗಿದೆ ಎನ್ನುವುದು ಇದಕ್ಕೇ. ಯಾವ ಸೆಲ್, ಎಷ್ಟು ಎಂದು ಅವರು ನೋಡುವುದಿಲ್ಲ. ಲೋಡ್ ಇರುವಾಗ ಒಂದೊಂದು ಸೆಲ್ಲಿನ ವೋಲ್ಟೇಜನ್ನು ಹೊರಗಿನಿಂದಲೇ ತಿಳಿಯುವ ಒಂದು ಉಪಾಯ ನನ್ನಲ್ಲಿದೆ. ಅದಕ್ಕೆ ಆಸಿಡಿಗೆ ಅದ್ದುವ ಕಡ್ಡಿ ಯಾವುದರದ್ದು ಎಂದು ಇಲ್ಲಿ ಬರೆಯುವುದಿಲ್ಲ. ಕಬ್ಬಿಣ, ತಾಮ್ರದ ಕಡ್ಡಿ ಅದ್ದಿ ಆಸಿಡ್ ಕೆಡಿಸಿಕೊಂಡವರನ್ನು ನೋಡಿದ್ದೇನೆ.

ಕಾರಣಕ್ಕೆ ಬರುತ್ತೇನೆ. ಇನ್ವರ್ಟರಿನ ಹಿಂದೆ ಇರುವ ಬ್ಯಾಟರಿ ಆಯ್ಕೆಯ ಸ್ವಿಚ್ಚು ಎಸ್‌ಎಂಎಫ್‌ನಲ್ಲಿ, ಅಂದರೆ ನೀರು ಹಾಕದ ಸೀಲ್ಡ್ ಬ್ಯಾಟರಿಯ ಆಯ್ಕೆಯಲ್ಲಿ ಇತ್ತು. ಕೂರಿಸಲು ಬಂದವರು ಹಾಗೇ ಬಿಟ್ಟು ಹೋಗಿದ್ದರು. ಅದರಲ್ಲಿ ಚಾರ್ಜ್ 14 ವೋಲ್ಟ್ ಚಿಲ್ಲರೆಗೇ ನಿಲ್ಲುತ್ತದೆ. ಟ್ಯೂಬ್ಯುಲರ್‌ಗೆ 14.4 ಆದರೂ ಬೇಕು. ಆದರೆ ಇದಕ್ಕಿಂತ ದೊಡ್ಡ ಕಳ್ಳ ಇನ್ನೊಂದು. ನಮ್ಮ ಮನೆ ಬ್ರಹ್ಮಾವರದಿಂದ ಒಳಗೆ, ಲೈನಿನ ಕೊನೆ. ಜನವರಿಯಿಂದ ಮೇ ತನಕ ತೋಟಕ್ಕೆ ನೀರು ಬಿಡಲು ಎಲ್ಲರ ಪಂಪು ಒಟ್ಟಿಗೆ ಓಡುವಾಗ 165, 170 ವೋಲ್ಟಿಗೆ ಇಳಿಯುತ್ತದೆ. ಇನ್ವರ್ಟರ್ ಯುಪಿಎಸ್ ಮೋಡಿನಲ್ಲಿದ್ದರೆ ಸುಮಾರು 180ಕ್ಕಿಂತ ಕೆಳಗಿನ ವೋಲ್ಟೇಜನ್ನು ಅದು ಕರೆಂಟ್ ಎಂದೇ ಲೆಕ್ಕ ಹಾಕುವುದಿಲ್ಲ, ಬ್ಯಾಟರಿಗೆ ಹೊರಳುತ್ತದೆ. ಲೈನಿನಲ್ಲಿ ಕರೆಂಟ್ ಉಂಟು, ಫ್ಯಾನು ತಿರುಗುತ್ತಾ ಉಂಟು, ಯಾರಿಗೂ ಏನೂ ಅನಿಸುವುದಿಲ್ಲ, ಒಳಗೆ ಬ್ಯಾಟರಿ ಖಾಲಿಯಾಗುತ್ತಿರುತ್ತದೆ. ಆಮೇಲೆ ಮಳೆಗಾಲದಲ್ಲಿ ಮರ ಬಿದ್ದು ಗಂಟೆಗಟ್ಟಲೆ ಕರೆಂಟ್ ಇಲ್ಲ. ಪೂರ್ತಿ ತುಂಬದೆ ಅರ್ಧಂಬರ್ಧದಲ್ಲೇ ವಾರಗಟ್ಟಲೆ ಉಳಿದರೆ ಸಲ್ಫೇಟ್ ಗಟ್ಟಿಯಾಗದೆ ಇನ್ನೇನಾಗುತ್ತದೆ? ತುಂಬ ಮನೆಗಳಲ್ಲಿ ಬ್ಯಾಟರಿ ತಿನ್ನುವುದು ಈ ಲೋ ವೋಲ್ಟೇಜೇ ಎಂದು ನನ್ನ ಬಲವಾದ ಅಭಿಪ್ರಾಯ.

ಸ್ವಿಚ್ಚು ಟ್ಯೂಬ್ಯುಲರ್‌ಗೆ ಹಾಕಿ, ಲೋ ವೋಲ್ಟೇಜಿನಲ್ಲೂ ಲೈನನ್ನು ಬಿಡದ ಇಕೋ ಮೋಡಿಗೆ ಬದಲಿಸಿ ವಾರಕ್ಕೂ ಹೆಚ್ಚು ಬಿಟ್ಟು ನೋಡಿದೆ. ಗ್ರಾವಿಟಿ ಹತ್ತು ಪಾಯಿಂಟೂ ಏರಲಿಲ್ಲ. 14.4ಕ್ಕೆ ಮುಟ್ಟಿದ ಕೂಡಲೇ ಆಂಪ್ ಇಳಿಯುತ್ತದೆ, ಹಿಂದೆ ಬಿದ್ದ ಸೆಲ್‌ಗೆ ಪಾಲು ಸಿಗುವುದೇ ಇಲ್ಲ. ಮುಂದೆ ಕೆಡದಂತೆ ಕಾಯುವುದಕ್ಕೆ ಸೆಟ್ಟಿಂಗ್ ಸಾಕು, ಕೆಟ್ಟದ್ದನ್ನು ಎತ್ತುವುದಕ್ಕೆ ಸಾಲದು. ಆಮೇಲೆ ಆನ್‌ಲೈನಿನಲ್ಲಿ ಪಲ್ಸ್ ಕೊಡುವ ಡೀಸಲ್ಫೇಟರ್ ಒಂದನ್ನು ಒಂದೂವರೆ ಸಾವಿರಕ್ಕೆ ತರಿಸಿ ತಿಂಗಳಿಡೀ ಕಟ್ಟಿ ಇಟ್ಟೆ. ದೀಪ ಚೆನ್ನಾಗಿ ಮಿನುಗಿತು, ಹೈಡ್ರೋಮೀಟರ್ ಜಪ್ಪಯ್ಯ ಅನ್ನಲಿಲ್ಲ. ಪರಿಚಯದ ಮೆಕ್ಯಾನಿಕ್ ಒಬ್ಬರು ಹೊಸ ಆಸಿಡ್ ಸೇರಿಸಿ ಗ್ರಾವಿಟಿ ಏರಿಸೋಣ ಅಂದರು. ಅದಕ್ಕೆ ಮಾತ್ರ ಒಪ್ಪಲಿಲ್ಲ. ಕಡಿಮೆಯಾದ ಆಸಿಡ್ ಎಲ್ಲಿಗೂ ಹೋಗಿಲ್ಲ, ಸಲ್ಫೇಟ್ ಆಗಿ ಪ್ಲೇಟಿನಲ್ಲೇ ಕೂತಿದೆ. ಮೇಲಿನಿಂದ ಸುರಿದರೆ ಓದು ಏರುತ್ತದೆ, ಪ್ಲೇಟ್ ಹಾಗೇ ಇರುತ್ತದೆ. ಮುಂದೆ ಸಲ್ಫೇಟ್ ಕರಗಿದಾಗ ಆಸಿಡ್ ಅತಿಯಾಗಿ ಪ್ಲೇಟನ್ನೇ ತಿನ್ನುತ್ತದೆ.

ಕೆಲಸ ಮಾಡಿದ್ದು ಸಣ್ಣ ಆಂಪ್‌ನ ಉದ್ದದ ಚಾರ್ಜು. ಮೊಬೈಲ್ ರಿಪೇರಿ ಅಂಗಡಿ ಮುಚ್ಚಿದ ಒಬ್ಬರಿಂದ 30 ವೋಲ್ಟ್, 5 ಆಂಪ್‌ನ ವೇರಿಯಬಲ್ ಪವರ್ ಸಪ್ಲೈ ಎರಡು ಸಾವಿರದ ಒಳಗೆ ಸಿಕ್ಕಿತು. 150 ಎಎಚ್‌ಗೆ 5 ಆಂಪ್ ಸರಿಯಾದ ಅಳತೆ. ತುಂಬಿದ ಸೆಲ್‌ಗಳು ಗುಳ್ಳೆ ಬಿಟ್ಟು ಒಂದಷ್ಟು ನೀರು ಕಳೆದುಕೊಳ್ಳುತ್ತವೆ ಅಷ್ಟೆ, ಹಿಂದೆ ಬಿದ್ದದ್ದು ನಿಧಾನಕ್ಕೆ ತುಂಬುತ್ತದೆ. ಬ್ಯಾಟರಿಯನ್ನು ಇನ್ವರ್ಟರಿನಿಂದ ಪೂರ್ತಿ ಬಿಡಿಸಲೇಬೇಕು, ಇಲ್ಲಿ 16 ವೋಲ್ಟಿನ ತನಕ ಹೋಗುತ್ತೇವೆ, ಬೋರ್ಡು ತಡೆಯುವುದಿಲ್ಲ. ಮನೆಯ ಹಿಂದಿನ ತೆರೆದ ಜಗಲಿಗೆ ತಂದು, ವೆಂಟ್ ಪ್ಲಗ್ ಸಡಿಲಿಸಿ ಇಟ್ಟೆ. ಹೈಡ್ರೋಜನ್ ಬರುತ್ತದೆ, ಹತ್ತಿರ ದೀಪ, ಬೀಡಿ ಯಾವುದೂ ಬೇಡ. ಕ್ಲಿಪ್ಪು ಹಾಕುವುದೂ ತೆಗೆಯುವುದೂ ಸಪ್ಲೈ ಆಫ್ ಮಾಡಿದ ಮೇಲೆಯೇ. ಫೆಬ್ರವರಿ ಆರಿಸಿದ್ದು ಕರೆಂಟ್ ಹೋಗುವುದು ಕಡಿಮೆ ಎಂದು, ಏಕೆಂದರೆ ಆ ದಿನಗಳಲ್ಲಿ ಮನೆಗೆ ಬ್ಯಾಕಪ್ ಇರುವುದಿಲ್ಲ.

5 ಆಂಪ್ ಕೊಟ್ಟ ಕೂಡಲೇ ವೋಲ್ಟೇಜ್ ಹದಿನೈದೂವರೆ ದಾಟಿತು. ಇಲ್ಲಿ ಹೆದರಿ ನಿಲ್ಲಿಸುವವರು ಬಹಳ. ನಾನು ಎರಡು ಆಂಪ್‌ಗೆ ಇಳಿಸಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ನೋಡಿದರೆ ಆಂಪ್ ಅಷ್ಟೇ ಇದೆ, ವೋಲ್ಟೇಜ್ 13 ಚಿಲ್ಲರೆಗೆ ಇಳಿದಿದೆ! ಸಲ್ಫೇಟ್ ಕರಗಲು ಶುರುವಾಗಿದೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಗುರುತು ಇಲ್ಲ. ಆಮೇಲೆ 5 ಆಂಪ್‌ಗೆ ಏರಿಸಿದೆ. ಒಂದೂವರೆ ದಿನದ ಹೊತ್ತಿಗೆ ವೋಲ್ಟೇಜ್ ಮತ್ತೆ ಏರಿ 16ರ ಹತ್ತಿರ ನಿಂತಿತು. ಗಂಟೆಗೊಮ್ಮೆ ಗ್ರಾವಿಟಿ ಬರೆದುಕೊಂಡೆ, ಮೂರು ಓದು ಸತತ ಒಂದೇ ಬಂದರೆ ಆ ಸುತ್ತು ಮುಗಿಯಿತು. ಆಸಿಡ್ 45 ಡಿಗ್ರಿ ಮುಟ್ಟಿದರೆ ಆಫ್ ಮಾಡಿ ತಣಿಯಲು ಬಿಡಬೇಕು. ಮಾರ್ಚಿನ ಮಧ್ಯಾಹ್ನ ಇದು ಬೇಗ ಬರುತ್ತದೆ.

ಮೊದಲ ಸುತ್ತಿಗೆ ಐದು ಸೆಲ್ 1225ರ ಮೇಲೆ, ನಾಲ್ಕನೆಯದು 1165. ಭಾವ ಬಂದು ನೋಡಿ, "ಕಂಡೆಯಾ, ಅದು ಏಳುವುದಿಲ್ಲ" ಅಂದ. ಆದರೆ ಆ ಸೆಲ್ಲಿನಲ್ಲೂ ಗುಳ್ಳೆ ಬರುತ್ತಿತ್ತು, ಆಸಿಡ್ ತಿಳಿಯಾಗಿತ್ತು. ನನಗೆ ಅಷ್ಟು ಸಾಕಿತ್ತು. ಪೂರ್ತಿ ಖಾಲಿ ಮಾಡದೆ, ಹೆಡ್‌ಲೈಟ್ ಬಲ್ಬ್ ಕಟ್ಟಿ ಸುಮಾರು ಅರ್ಧ ಇಳಿಸಿ, ಮತ್ತೆ ಅದೇ ರೀತಿ ತುಂಬಿಸಿದೆ. ಇಳಿಸುವಾಗ ಆ ದುರ್ಬಲ ಸೆಲ್ಲಿನ ಪ್ಲಸ್ ಮೈನಸ್ ಉಲ್ಟಾ ಆಗದಂತೆ ಕಾಯಬೇಕು, ವೋಲ್ಟೇಜ್ ಹಠಾತ್ತನೆ ಒಂದೆರಡು ವೋಲ್ಟ್ ಜಾರಿದರೆ ಅಲ್ಲಿಗೇ ನಿಲ್ಲಿಸಿ. ಹೀಗೆ ಕೆಲವು ಸುತ್ತಾದ ಮೇಲೆ ನಾಲ್ಕನೆಯದು 1215ಕ್ಕೆ ಬಂತು, ಉಳಿದವು 1235, 1240. ಎರಡು ಸುತ್ತಿನ ನಡುವೆ ಎಷ್ಟು ಹೊತ್ತು ವಿಶ್ರಾಂತಿ ಕೊಡುತ್ತೇನೆ ಎನ್ನುವುದು ನನ್ನ ಗುಟ್ಟು, ಅದರಿಂದಲೇ ಕೊನೆಯ ಹತ್ತು ಹದಿನೈದು ಪಾಯಿಂಟ್ ಸಿಕ್ಕಿದ್ದು.

ನೀರು ಚಾರ್ಜ್ ಮುಗಿದ ಮೇಲೆಯೇ ಹಾಕಬೇಕು. ಮೊದಲೇ ಮಟ್ಟಕ್ಕೆ ತುಂಬಿದರೆ ಗುಳ್ಳೆ ಏಳುವಾಗ ಆಸಿಡ್ ಹೊರಚೆಲ್ಲುತ್ತದೆ. ಪ್ಲೇಟ್ ಕಾಣುತ್ತಿದ್ದರೆ ಮಾತ್ರ ಮುಳುಗುವಷ್ಟು ಮೊದಲು ಹಾಕಿ. ನೀರಿನ ವಿಷಯದಲ್ಲಿ ಒಂದು ಪ್ರಯೋಗವನ್ನೂ ಮಾಡಿದ್ದೆ. ಹಂಚಿನ ಮಾಡಿನಿಂದ ಇಳಿದ ಮಳೆನೀರು, ಎಸಿಯಿಂದ ತೊಟ್ಟಿಕ್ಕುವ ನೀರು, ಬಾವಿ ನೀರು, ಮೂರಕ್ಕೂ ಟಿಡಿಎಸ್ ಮೀಟರ್ ಇಟ್ಟೆ. ಮೊದಲ ಎರಡು 20, 30ರ ಒಳಗೆ, ಬಾವಿಯದ್ದು ನೂರರ ಮೇಲೆ. ಬಾವಿ ನೀರಿನ ಕಬ್ಬಿಣ, ಸಮುದ್ರದ ಬದಿಯ ಕ್ಲೋರೈಡ್ ಎರಡೂ ಬ್ಯಾಟರಿಗೆ ವಿಷ. ಎಸಿ ನೀರು ತಾಮ್ರದ ಕೊಳವೆಯ ಮೇಲೆ ಹರಿದು ಬಂದದ್ದು. ಕೊನೆಗೆ ಮೂರನ್ನೂ ಬಿಟ್ಟು ಐದು ಲೀಟರಿನ ಡಿಸ್ಟಿಲ್ಡ್ ವಾಟರ್ ಕ್ಯಾನೇ ತಂದೆ. ಎಪ್ಸಮ್ ಸಾಲ್ಟನ್ನು ಹಳೆಯ ಸ್ಕೂಟರ್ ಬ್ಯಾಟರಿಯಲ್ಲಿ ಪರೀಕ್ಷಿಸಿದೆ: ಎರಡು ವಾರ ಸೆಲ್ಫ್ ಹೊಡೆಯಿತು, ಆಮೇಲೆ ಮೊದಲಿಗಿಂತ ಕೆಟ್ಟಿತು.

ಈಗ ಚಾರ್ಜ್ 15 ಆಂಪ್, ಟ್ಯೂಬ್ಯುಲರ್, ಮೋಡ್ ಇಕೋ. ಇಕೋದಲ್ಲಿ ಕಂಪ್ಯೂಟರ್ ಒಮ್ಮೊಮ್ಮೆ ರೀಸ್ಟಾರ್ಟ್ ಆಗುತ್ತದೆ, ಅದಕ್ಕೆ ಬೇರೆ ಸಣ್ಣ ಯುಪಿಎಸ್ ಇಟ್ಟಿದ್ದೇನೆ. ಮೂರು ತಿಂಗಳಿಗೊಮ್ಮೆ ಒಂದು ರಾತ್ರಿ 5 ಆಂಪ್ ಸಪ್ಲೈ ಕಟ್ಟುತ್ತೇನೆ. ಪಲ್ಸ್ ಡಬ್ಬಿಯ ದಂಡ ಸೇರಿಸಿದರೂ ಒಟ್ಟು ಖರ್ಚು ನಾಲ್ಕು ಸಾವಿರ ಮುಟ್ಟಲಿಲ್ಲ.

ಇದನ್ನು ಕಂಡು ಕುಳಾಯಿಯಲ್ಲಿರುವ ಭಾವ ತನ್ನದನ್ನೂ ನೋಡು ಅಂದ. ಅವನದು ಆರು ವರ್ಷದ್ದು, ಪ್ಯಾನೆಲ್‌ನಲ್ಲಿ ಲಕ್ಷಣ ಒಂದೇ. ಎರಡು ದಿನ 5 ಆಂಪ್ ಕೊಟ್ಟರೂ ಎರಡನೆಯ ಸೆಲ್‌ನಲ್ಲಿ ಒಂದು ಗುಳ್ಳೆ ಬರಲಿಲ್ಲ, ಗ್ರಾವಿಟಿ ಕದಲಲಿಲ್ಲ, ಹೈಡ್ರೋಮೀಟರಿನಲ್ಲಿ ಎಳೆದ ಆಸಿಡ್ ಕಂದು ಕೆಸರು. ಚಾರ್ಜ್ ಬಿಡಿಸಿ ರಾತ್ರಿ ಬಿಟ್ಟರೆ 12.5ರ ಹತ್ತಿರ ನಿಲ್ಲಬೇಕಾದ ವೋಲ್ಟೇಜ್ ಹತ್ತೂವರೆಗೆ ಬಂದಿತ್ತು. ಅದು ಸಲ್ಫೇಟ್ ಅಲ್ಲ, ಒಳಗೆ ಶಾರ್ಟ್ ಆದ ಸೆಲ್, ಚಾರ್ಜಿನಿಂದ ಏಳುವುದಿಲ್ಲ. ಅದನ್ನು ಎಕ್ಸ್‌ಚೇಂಜಿಗೆ ಕೊಡಿಸಿ ಹೊಸದು ತಂದೆವು, ತಂದ ದಿನವೇ ಆರೂ ಸೆಲ್ಲಿನ ಗ್ರಾವಿಟಿಯನ್ನು ಅವನ ಕೈಯಲ್ಲೇ ಬರೆಸಿದ್ದೇನೆ.